ವಯೋನಿವೃತ್ತಿಯ ದಿನ ಸಹೋದ್ಯೋಗಿಗಳ ಮುಂದೆ ಆಡಿದ ಮಾತು

ಸಹಶಿಕ್ಷಕ ಬಂಧುಗಳೇ, ಅತಿಥಿ ಶಿಕ್ಷಕರೇ, ಕಚೇರಿಯ ಸಿಬ್ಬಂದಿಯವರೇ, ಅಡುಗೆ ಮನೆಯ ಅಕ್ಕ-ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಅರವತ್ತು ತುಂಬಿದ ಈ ತಿಂಗಳ ಕೊನೆಯ ದಿನವಾದ ಇಂದು ನಾನು ಸರ್ಕಾರಿ ಸೇವೆಯಿಂದ ನಿವೃತ್ತಿ ಹೊಂದುತ್ತಿದ್ದೇನೆ. ಶಾಲು ಹೊದಿಸಿ ನೀವು ಆಡಿದ ಒಳ್ಳೆಯ ಮಾತುಗಳಿಗೆ ಋಣಿಯಾಗಿದ್ದೇನೆ. ಆದರೆ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ಶ್ರೇಯವನ್ನೆಲ್ಲ ಮುಖ್ಯೋಪಾಧ್ಯಾಯಿನಿಯೊಬ್ಬಳಿಗೇ ಕೊಟ್ಟಿರುವುದನ್ನು ಒಪ್ಪಲು ನನ್ನಿಂದಾಗದು.

ಕಳೆದ ವರ್ಷದ ಹಿಂದಿನ ಅಡಿಕೆ ಕೊಯ್ಲಿನ ದಿನಗಳು ನಿಮಗೆ ನೆನಪಿರಬಹುದು. ಹತ್ತನೇ ತರಗತಿಯ ಹುಡುಗಿಯೊಬ್ಬಳ ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಗೈರು ಇರಲಿಲ್ಲ. ಆದರೂ ನಮ್ಮ ಅಡುಗೆಯ ಅಕ್ಕ ಕೈ ಒರೆಸಿಕೊಳ್ಳುತ್ತ ನನ್ನ ಕೊಠಡಿಗೆ ಬಂದು, “ಮೇಡಂ, ಆ ಹುಡುಗಿ ಮೂರು ದಿನದಿಂದ ತಟ್ಟೆ ಹಿಡಿದು ಬಂದಿಲ್ಲ, ಮನೇಲಿ ಏನೋ ಆಗಿದೆ” ಎಂದರು. ತಾಯಿ ಹಾಸಿಗೆ ಹಿಡಿದಿದ್ದರಿಂದ ಅವಳು ಊಟದ ಬಿಡುವಿನಲ್ಲಿ ಮನೆಗೆ ಓಡಿ ಹೋಗಿ ಗಂಜಿ ಕಾಯಿಸಿಟ್ಟು ಬರುತ್ತಿದ್ದಳು, ಇನ್ನೊಂದು ವಾರದಲ್ಲಿ ಶಾಲೆಯನ್ನೇ ಬಿಡುವವಳಿದ್ದಳು. ಅಂದು ಸಂಜೆ ಗಣಿತದ ಮೇಷ್ಟ್ರು ಮತ್ತು ದೈಹಿಕ ಶಿಕ್ಷಕರು ಅವಳ ಮನೆಗೆ ಹೋಗಿ, ಚಿಕ್ಕಮ್ಮನನ್ನು ಒಪ್ಪಿಸಿ ಬಂದರು. ಪರೀಕ್ಷೆ ಬರೆದ ಅವಳು ಈಗ ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಯಾವ ದಾಖಲೆಯೂ ತೋರಿಸದಿದ್ದುದನ್ನು ಅನ್ನ ಬಡಿಸುವ ಕಣ್ಣು ಕಂಡಿತ್ತು.

ಕೊರೊನಾ ಕಾಲದಲ್ಲಿ, 2020ರ ವಿದ್ಯಾಗಮದ ದಿನಗಳಲ್ಲಿ, ಫೋನಿಗೆ ಸಿಗ್ನಲ್ ಸಿಗದ ಮನೆಗಳ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದವರೂ ನೀವೇ. ಗೌರವಧನ ತಡವಾದ ತಿಂಗಳುಗಳಲ್ಲೂ ನಮ್ಮ ಅತಿಥಿ ಶಿಕ್ಷಕರು ಒಂದು ಪೀರಿಯಡನ್ನೂ ಖಾಲಿ ಬಿಡಲಿಲ್ಲ. ಮಳೆಗಾಲದಲ್ಲಿ ನೆನೆದು ಬಂದ ಮಕ್ಕಳಿಗೆ ಬೆಳಗಿನ ಬಿಸಿ ಹಾಲು ಕೊಡುವುದು ಒಂದು ದಿನವೂ ತಡವಾಗಲಿಲ್ಲ, ಅದು ಸಣ್ಣ ಸಂಗತಿಯೆಂದು ನಾನು ಭಾವಿಸಿಲ್ಲ.

ಹೋಗುವ ಮುನ್ನ ನನ್ನದೊಂದು ಕೋರಿಕೆಯಿದೆ. ತಿಂಗಳ ಸಿಬ್ಬಂದಿ ಸಭೆಗೆ ಅಡುಗೆಯವರನ್ನೂ ಅತಿಥಿ ಶಿಕ್ಷಕರನ್ನೂ ಕರೆದು, ಕುರ್ಚಿ ಕೊಟ್ಟು, ಯಾವ ಮಗು ಸೊರಗಿದೆ, ಯಾವುದು ಮೌನವಾಗಿದೆ ಎಂದು ಮೊದಲು ಅವರನ್ನೇ ಕೇಳಿ. ಅಂಕಪಟ್ಟಿಯ ಚರ್ಚೆ ಆಮೇಲೆ ನಡೆಯಲಿ.

ಪ್ರಭಾರವನ್ನು ಹಿರಿಯ ಸಹಶಿಕ್ಷಕರಿಗೆ ವಹಿಸಿದ್ದೇನೆ. ಈ ವರ್ಷ ಮನೆಗೆ ಭೇಟಿ ಕೊಡಬೇಕಾದ ಹತ್ತನೇ ತರಗತಿಯ ಮಕ್ಕಳ ಹೆಸರುಗಳನ್ನು ಬರೆದಿಟ್ಟ ಪುಸ್ತಕ ಅವರ ಬಳಿಯಿದೆ, ಸೋಮವಾರದಿಂದಲೇ ಆ ಕೆಲಸ ಶುರುವಾಗಲಿ. ನಿಮ್ಮೆಲ್ಲರ ಪ್ರೀತಿಗೆ, ಸಹಕಾರಕ್ಕೆ ನನ್ನ ಹೃತ್ಪೂರ್ವಕ ವಂದನೆಗಳು.