ಪ್ರಥಮ ಪಿಯುಸಿ ಲೆಕ್ಕಶಾಸ್ತ್ರ: ಜರ್ನಲ್ ನಮೂದುಗಳು, ಬಿಡಿಸಿದ ಅಭ್ಯಾಸ ಹಾಳೆ

ಲೆಕ್ಕ: ಗಿರಿಜಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ತೆರೆದಿದ್ದಾರೆ. 2025ರ ಏಪ್ರಿಲ್ ತಿಂಗಳ ವ್ಯವಹಾರಗಳು ಹೀಗಿವೆ. ಅವರ ಪುಸ್ತಕದಲ್ಲಿ ಜರ್ನಲ್ ನಮೂದು ಬರೆಯಿರಿ. 5ನೇ ತಾರೀಖಿನದನ್ನು ಬಿಟ್ಟು ಬೇರೆ ಯಾವುದಕ್ಕೂ ಜಿಎಸ್‌ಟಿ ಹಿಡಿಯಬೇಡಿ.

ಏ. 1: ₹2,00,000 ನಗದು ಮತ್ತು ₹60,000 ಬೆಲೆಯ ಪುಡಿ ಮಾಡುವ ಯಂತ್ರದೊಂದಿಗೆ ವ್ಯಾಪಾರ ಆರಂಭ
ಏ. 2: ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆದು ₹1,20,000 ಕಟ್ಟಿದ್ದು
ಏ. 3: ಮಂಜೇಗೌಡರಿಂದ ₹80,000 ಪಟ್ಟಿ ಬೆಲೆಯ ಹುರಿದ ಕಾಫಿ ಬೀಜವನ್ನು ಶೇ. 5 ವ್ಯಾಪಾರಿ ಸೋಡಿಯಲ್ಲಿ ಸಾಲಕ್ಕೆ ಕೊಂಡದ್ದು
ಏ. 4: ಯಂತ್ರ ಕೂರಿಸಿದ ಮೆಕ್ಯಾನಿಕ್‌ಗೆ ಕೂಲಿ ₹2,500 ನಗದು
ಏ. 5: ತೂಕದ ಯಂತ್ರ ₹8,000, ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9, ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಪಾವತಿ
ಏ. 8: ನಗದು ಮಾರಾಟ ₹18,500
ಏ. 10: ಹೋಟೆಲಿನ ರಮೇಶ ಭಟ್ಟರಿಗೆ ಸಾಲದ ಮಾರಾಟ ₹24,000
ಏ. 12: ಭಟ್ಟರು ₹1,500ರ ಪುಡಿ ವಾಪಸು ಕಳಿಸಿದ್ದು
ಏ. 15: ಮನೆ ಬಳಕೆಗೆ ಅಂಗಡಿಯಿಂದ ಒಯ್ದ ಪುಡಿ, ಕೊಂಡ ಬೆಲೆಯಲ್ಲಿ ₹900
ಏ. 18: ಮಂಜೇಗೌಡರ ಲೆಕ್ಕ ಪೂರ್ತಿ ಚುಕ್ತಾ ಮಾಡಲು ₹75,000 ಚೆಕ್
ಏ. 20: ಮಂಜೇಗೌಡರಿಗೆ ಇನ್ನೂ ₹30,000 ಬೀಜಕ್ಕೆ ಆರ್ಡರ್
ಏ. 22: ಮಳಿಗೆಯ ಮಾಲೀಕ ನಂಜಪ್ಪನವರಿಗೆ ಬಾಡಿಗೆ ₹10,000, ಚೆಕ್ ಮೂಲಕ
ಏ. 25: ಭಟ್ಟರು ಲೆಕ್ಕ ಚುಕ್ತಾ ಮಾಡಲು ₹22,000 ಬ್ಯಾಂಕಿಗೆ ಹಾಕಿದ್ದು
ಏ. 28: ಜಾತ್ರೆಯಲ್ಲಿ ಉಚಿತವಾಗಿ ಹಂಚಿದ ಸ್ಯಾಂಪಲ್ ಪೊಟ್ಟಣ, ಕೊಂಡ ಬೆಲೆಯಲ್ಲಿ ₹600
ಏ. 30: ಸಹಾಯಕನ ಸಂಬಳ ₹9,000 ಕೊಡುವುದು ಬಾಕಿ, ಪುಡಿ ಮಾಡುವ ಯಂತ್ರಕ್ಕೆ ಮಾತ್ರ ವರ್ಷಕ್ಕೆ ಶೇ. 12ರಂತೆ ಒಂದು ತಿಂಗಳ ಸವಕಳಿ

ಬರೆಯುವ ಮೊದಲು

ಮೂರು ನಿಯಮ ನಿಮಗೆ ಬಾಯಿಪಾಠ ಬರುತ್ತದೆ. ವೈಯಕ್ತಿಕ ಖಾತೆಯಾದರೆ ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ವಾಸ್ತವಿಕ ಖಾತೆಯಾದರೆ ಒಳಗೆ ಬಂದದ್ದು ಡೆಬಿಟ್, ಹೊರಗೆ ಹೋದದ್ದು ಕ್ರೆಡಿಟ್. ನಾಮಮಾತ್ರ ಖಾತೆಯಾದರೆ ಖರ್ಚು ನಷ್ಟ ಡೆಬಿಟ್, ಆದಾಯ ಲಾಭ ಕ್ರೆಡಿಟ್. ಅಂಕ ಹೋಗುವುದು ನಿಯಮ ಮರೆತಿದ್ದಕ್ಕಲ್ಲ, ಪುಸ್ತಕ ಯಾರದು ಅನ್ನುವುದನ್ನು ಮರೆತಿದ್ದಕ್ಕೆ. ಇಲ್ಲಿ ಪುಸ್ತಕ ಅಂಗಡಿಯದು. ಗಿರಿಜಮ್ಮನವರೂ ಅಂಗಡಿಯ ಪಾಲಿಗೆ ಹೊರಗಿನವರೇ. ಈ ಮಾತು ಏ. 1ರಲ್ಲೂ 15ರಲ್ಲೂ ಬೇಕಾಗುತ್ತದೆ.

ನಮೂದುಗಳು

ಏ. 1
ನಗದು ಖಾತೆ, ಡೆ. 2,00,000
ಯಂತ್ರೋಪಕರಣ ಖಾತೆ, ಡೆ. 60,000
  ಬಂಡವಾಳ ಖಾತೆಗೆ, ಕ್ರೆ. 2,60,000
(ನಗದು ಮತ್ತು ಯಂತ್ರದೊಂದಿಗೆ ವ್ಯಾಪಾರ ಆರಂಭಿಸಿದ್ದು)

ನಗದೂ ಯಂತ್ರವೂ ಒಳಗೆ ಬಂದವು, ಎರಡೂ ವಾಸ್ತವಿಕ ಖಾತೆ, ಹಾಗಾಗಿ ಡೆಬಿಟ್. ಕೊಟ್ಟವರು ಗಿರಿಜಮ್ಮ. ಅವರ ವೈಯಕ್ತಿಕ ಖಾತೆಯೇ ಬಂಡವಾಳ ಖಾತೆ, ಕೊಟ್ಟವರಿಗೆ ಕ್ರೆಡಿಟ್. "ಅವರ ದುಡ್ಡು ಅವರ ಅಂಗಡಿಗೇ ಹಾಕಿದರು, ಇದರಲ್ಲಿ ಬರೆಯುವುದೇನು?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅಂಗಡಿ ಅವರಿಗೆ ಅಷ್ಟು ಹಣ ಕೊಡಬೇಕಿದೆ, ಅದನ್ನೇ ಬರೆಯುವುದು.

ಏ. 2
ಬ್ಯಾಂಕ್ ಖಾತೆ, ಡೆ. 1,20,000
  ನಗದು ಖಾತೆಗೆ, ಕ್ರೆ. 1,20,000
(ಚಾಲ್ತಿ ಖಾತೆಗೆ ನಗದು ಕಟ್ಟಿದ್ದು)

ಇಲ್ಲಿ ಸ್ವಲ್ಪ ನಿಲ್ಲೋಣ. ಗಿರಿಜಮ್ಮನವರ ಮೊಬೈಲಿಗೆ ಬ್ಯಾಂಕಿನಿಂದ "₹1,20,000 ಕ್ರೆಡಿಟ್ ಆಗಿದೆ" ಎಂದು ಮೆಸೇಜ್ ಬಂದಿರುತ್ತದೆ. ನಾವು ಡೆಬಿಟ್ ಬರೆದಿದ್ದೇವೆ. ಯಾರದು ತಪ್ಪು? ಯಾರದೂ ಅಲ್ಲ. ಆ ಮೆಸೇಜ್ ಬ್ಯಾಂಕಿನ ಪುಸ್ತಕದ ಮಾತು. ಬ್ಯಾಂಕಿಗೆ ಹಣ ಕೊಟ್ಟವರು ಗಿರಿಜಮ್ಮ, ಕೊಟ್ಟವರಿಗೆ ಕ್ರೆಡಿಟ್. ನಮ್ಮ ಪುಸ್ತಕದಲ್ಲಿ ಪಡೆದದ್ದು ಬ್ಯಾಂಕ್, ಪಡೆದವರಿಗೆ ಡೆಬಿಟ್. ಒಂದೇ ಹಣ, ಎರಡು ಪುಸ್ತಕ. "ಕ್ರೆಡಿಟ್ ಅಂದರೆ ಹಣ ಬರುವುದು" ಎಂದು ಮೊಬೈಲ್ ನೋಡಿ ಕಲಿತದ್ದನ್ನು ಈ ತರಗತಿಯ ಬಾಗಿಲಲ್ಲೇ ಬಿಟ್ಟು ಬನ್ನಿ.

ಏ. 3
ಖರೀದಿ ಖಾತೆ, ಡೆ. 76,000
  ಮಂಜೇಗೌಡರ ಖಾತೆಗೆ, ಕ್ರೆ. 76,000
(ಶೇ. 5 ವ್ಯಾಪಾರಿ ಸೋಡಿ ಕಳೆದು ಸಾಲಕ್ಕೆ ಸರಕು ಕೊಂಡದ್ದು)

80,000ಕ್ಕೆ ಶೇ. 5 ಅಂದರೆ 4,000. ವ್ಯಾಪಾರಿ ಸೋಡಿ ಬಿಲ್ಲಿನಲ್ಲೇ ಕಳೆದುಹೋಗುತ್ತದೆ, ಪುಸ್ತಕಕ್ಕೆ ಬರುವುದೇ ಇಲ್ಲ. ಅದಕ್ಕೊಂದು ಖಾತೆ ತೆರೆದರೆ ತಪ್ಪು. ಏ. 18ರ ಸೋಡಿ ಬೇರೆ ಜಾತಿಯದು, ಅಲ್ಲಿ ನೋಡೋಣ.

ಏ. 4
ಯಂತ್ರೋಪಕರಣ ಖಾತೆ, ಡೆ. 2,500
  ನಗದು ಖಾತೆಗೆ, ಕ್ರೆ. 2,500
(ಯಂತ್ರ ಕೂರಿಸಿದ ಕೂಲಿ ಕೊಟ್ಟದ್ದು)

"ಕೂಲಿ" ಅನ್ನುವ ಪದ ಕಂಡ ಕೂಡಲೇ ಕೈ ಕೂಲಿ ಖಾತೆಯ ಕಡೆ ಓಡುತ್ತದೆ. ಆದರೆ ಕೂರಿಸದ ಯಂತ್ರದಿಂದ ಒಂದು ಕಾಳೂ ಪುಡಿಯಾಗುವುದಿಲ್ಲ. ಆಸ್ತಿ ಬಳಕೆಗೆ ಸಿದ್ಧವಾಗುವವರೆಗಿನ ಖರ್ಚು ಆಸ್ತಿಯ ಬೆಲೆಗೇ ಸೇರುತ್ತದೆ. ಈಗ ಯಂತ್ರದ ಬೆಲೆ 62,500. ತಿಂಗಳ ಕೊನೆಗೆ ಇದು ಬೇಕು.

ಏ. 5
ತೂಕದ ಯಂತ್ರ ಖಾತೆ, ಡೆ. 8,000
ಇನ್‌ಪುಟ್ ಸಿಜಿಎಸ್‌ಟಿ ಖಾತೆ, ಡೆ. 720
ಇನ್‌ಪುಟ್ ಎಸ್‌ಜಿಎಸ್‌ಟಿ ಖಾತೆ, ಡೆ. 720
  ಬ್ಯಾಂಕ್ ಖಾತೆಗೆ, ಕ್ರೆ. 9,440
(ತೆರಿಗೆ ಸಹಿತ ತೂಕದ ಯಂತ್ರ ಕೊಂಡದ್ದು)

ತೆರಿಗೆ 1,440 ಖರ್ಚಲ್ಲ. ಮಾರಾಟದ ಮೇಲೆ ವಸೂಲಾಗುವ ತೆರಿಗೆಯಲ್ಲಿ ಮುಂದೆ ವಜಾ ಮಾಡಿಕೊಳ್ಳುವ ಹಕ್ಕು ಅದು. ಆದ್ದರಿಂದ ಆಸ್ತಿಯಂತೆ ಡೆಬಿಟ್. ಯುಪಿಐ ಅಂದರೆ ನಗದಲ್ಲ, ಹಣ ಹೋದದ್ದು ಬ್ಯಾಂಕಿನಿಂದ.

ಏ. 8
ನಗದು ಖಾತೆ, ಡೆ. 18,500
  ಮಾರಾಟ ಖಾತೆಗೆ, ಕ್ರೆ. 18,500
(ನಗದು ಮಾರಾಟ)

ಏ. 10
ರಮೇಶ ಭಟ್ಟರ ಖಾತೆ, ಡೆ. 24,000
  ಮಾರಾಟ ಖಾತೆಗೆ, ಕ್ರೆ. 24,000
(ಸಾಲದ ಮಾರಾಟ)

ನಗದು ಮಾರಾಟದಲ್ಲಿ ಕೊಂಡವರ ಹೆಸರು ಗೊತ್ತಿದ್ದರೂ ಬರೆಯುವುದಿಲ್ಲ, ಲೆಕ್ಕ ಅಲ್ಲಿಗೇ ಮುಗಿಯಿತು. ಸಾಲವಾದರೆ ಹೆಸರು ಬೇಕೇ ಬೇಕು, ನಾಳೆ ಕೇಳಬೇಕಾದದ್ದು ಭಟ್ಟರನ್ನು.

ಏ. 12
ಮಾರಾಟ ವಾಪಸು ಖಾತೆ, ಡೆ. 1,500
  ರಮೇಶ ಭಟ್ಟರ ಖಾತೆಗೆ, ಕ್ರೆ. 1,500
(ಭಟ್ಟರು ಸರಕು ಹಿಂದಿರುಗಿಸಿದ್ದು)

ಸರಕು ವಾಪಸು ಕೊಟ್ಟವರು ಭಟ್ಟರು, ಕ್ರೆಡಿಟ್. ಅವರ ಬಾಕಿ ಈಗ 22,500.

ಏ. 15
ಡ್ರಾಯಿಂಗ್ಸ್ ಖಾತೆ, ಡೆ. 900
  ಖರೀದಿ ಖಾತೆಗೆ, ಕ್ರೆ. 900
(ಸ್ವಂತ ಬಳಕೆಗೆ ಸರಕು ಒಯ್ದದ್ದು)

ಗಿರಿಜಮ್ಮ ಅಂಗಡಿಯಿಂದ ಪಡೆದರು, ಪಡೆದವರಿಗೆ ಡೆಬಿಟ್. ಕ್ರೆಡಿಟ್ ಮಾರಾಟ ಖಾತೆಗೆ ಏಕಿಲ್ಲ? ಅವರು ತಮಗೆ ತಾವೇ ಲಾಭಕ್ಕೆ ಮಾರಿಕೊಳ್ಳಲಿಲ್ಲ. ಮಾರಲು ಕೊಂಡ ಸರಕಿನಲ್ಲಿ ಅಷ್ಟು ಕಡಿಮೆಯಾಯಿತು, ಅಷ್ಟೇ. ಆದ್ದರಿಂದಲೇ ಕೊಂಡ ಬೆಲೆ, ಆದ್ದರಿಂದಲೇ ಖರೀದಿ ಖಾತೆ.

ಏ. 18
ಮಂಜೇಗೌಡರ ಖಾತೆ, ಡೆ. 76,000
  ಬ್ಯಾಂಕ್ ಖಾತೆಗೆ, ಕ್ರೆ. 75,000
  ಪಡೆದ ಸೋಡಿ ಖಾತೆಗೆ, ಕ್ರೆ. 1,000
(ಪೂರ್ತಿ ಚುಕ್ತಾಕ್ಕೆ ಚೆಕ್ ಕೊಟ್ಟದ್ದು)

"ಪೂರ್ತಿ ಚುಕ್ತಾ" ಅನ್ನುವ ಎರಡು ಪದದ ಕೆಳಗೆ ಗೆರೆ ಎಳೆಯಿರಿ. ಅದು ಇಲ್ಲದಿದ್ದರೆ ಗೌಡರ ಹೆಸರಲ್ಲಿ 75,000 ಮಾತ್ರ ಡೆಬಿಟ್, ಸಾವಿರ ಬಾಕಿ ಉಳಿಯುತ್ತಿತ್ತು. ಇದು ನಗದು ಸೋಡಿ, ಬಿಲ್ಲಾದ ಮೇಲೆ ಪಾವತಿಯ ಹೊತ್ತಿಗೆ ಸಿಕ್ಕಿದ್ದು, ಹಾಗಾಗಿ ಪುಸ್ತಕಕ್ಕೆ ಬರುತ್ತದೆ. ನಮಗೆ ಲಾಭ, ಕ್ರೆಡಿಟ್.

ಏ. 20: ನಮೂದು ಇಲ್ಲ. ಬೀಜ ಬಂದಿಲ್ಲ, ಹಣ ಹೋಗಿಲ್ಲ, ಯಾರಿಗೂ ಯಾರೂ ಏನೂ ಕೊಡಬೇಕಿಲ್ಲ. ಉತ್ತರ ಪತ್ರಿಕೆಯಲ್ಲಿ ಖಾಲಿ ಬಿಡದೆ "ನಮೂದು ಅಗತ್ಯವಿಲ್ಲ, ಆರ್ಡರ್ ಮಾತ್ರ" ಎಂದು ಬರೆಯಿರಿ. ಇಲ್ಲದಿದ್ದರೆ ಬಿಟ್ಟುಹೋಯಿತೋ ತಿಳಿದೇ ಬಿಟ್ಟಿರೋ ಎಂದು ತಿದ್ದುವವರಿಗೆ ಹೇಗೆ ಗೊತ್ತಾಗಬೇಕು?

ಏ. 22
ಬಾಡಿಗೆ ಖಾತೆ, ಡೆ. 10,000
  ಬ್ಯಾಂಕ್ ಖಾತೆಗೆ, ಕ್ರೆ. 10,000
(ಮಳಿಗೆಯ ಬಾಡಿಗೆ ಚೆಕ್ ಮೂಲಕ ಕೊಟ್ಟದ್ದು)

ನಂಜಪ್ಪನವರ ಹೆಸರು ಪ್ರಶ್ನೆಯಲ್ಲಿ ಇರುವುದು ನಿಮ್ಮನ್ನು ದಾರಿ ತಪ್ಪಿಸಲಿಕ್ಕೆ. ಹಣ ಅವರ ಕೈ ಸೇರಿದ್ದು ನಿಜ, ಆದರೆ ಅವರು ಅದನ್ನು ನಮಗೆ ಮರಳಿ ಕೊಡಬೇಕಾದದ್ದೇನೂ ಇಲ್ಲ. ಅದು ಖರ್ಚು.

ಏ. 25
ಬ್ಯಾಂಕ್ ಖಾತೆ, ಡೆ. 22,000
ಕೊಟ್ಟ ಸೋಡಿ ಖಾತೆ, ಡೆ. 500
  ರಮೇಶ ಭಟ್ಟರ ಖಾತೆಗೆ, ಕ್ರೆ. 22,500
(ಭಟ್ಟರಿಂದ ಪೂರ್ತಿ ಚುಕ್ತಾ ಬಂದದ್ದು)

ಬಾಕಿಯನ್ನು 24,000 ಎಂದು ಹಿಡಿದು ಸೋಡಿ 2,000 ಬರೆದವರು 12ನೇ ತಾರೀಖಿಗೆ ಹಿಂದಿರುಗಿ.

ಏ. 28
ಜಾಹೀರಾತು ಖಾತೆ, ಡೆ. 600
  ಖರೀದಿ ಖಾತೆಗೆ, ಕ್ರೆ. 600
(ಸ್ಯಾಂಪಲ್ ಹಂಚಿದ್ದು)

15ನೇ ತಾರೀಖಿನಂತೆಯೇ ಸರಕು ಹೊರಗೆ ಹೋಯಿತು. ಅಲ್ಲಿ ಮನೆಗೆ, ಇಲ್ಲಿ ಗಿರಾಕಿ ಹಿಡಿಯಲಿಕ್ಕೆ. ಕ್ರೆಡಿಟ್ ಒಂದೇ, ಡೆಬಿಟ್ ಬೇರೆ.

ಏ. 30
ಸಂಬಳ ಖಾತೆ, ಡೆ. 9,000
  ಬಾಕಿ ಸಂಬಳ ಖಾತೆಗೆ, ಕ್ರೆ. 9,000
(ಏಪ್ರಿಲ್ ಸಂಬಳ ಕೊಡಬೇಕಾದದ್ದು)

ಸವಕಳಿ ಖಾತೆ, ಡೆ. 625
  ಯಂತ್ರೋಪಕರಣ ಖಾತೆಗೆ, ಕ್ರೆ. 625
(62,500ಕ್ಕೆ ಶೇ. 12ರಂತೆ ಒಂದು ತಿಂಗಳ ಸವಕಳಿ)

ಹುಡುಗ ಏಪ್ರಿಲ್ ಪೂರ್ತಿ ದುಡಿದಿದ್ದಾನೆ, ಹಣ ಮೇನಲ್ಲಿ ಕೊಟ್ಟರೂ ಖರ್ಚು ಏಪ್ರಿಲ್‌ನದೇ. ಬಾಕಿ ಸಂಬಳ ಅಂದರೆ ಆ ಹುಡುಗನೇ, ಪ್ರತಿನಿಧಿ ವೈಯಕ್ತಿಕ ಖಾತೆ. ಸವಕಳಿ 600 ಬಂದಿದ್ದರೆ ನೀವು 4ನೇ ತಾರೀಖಿನ ಮೆಕ್ಯಾನಿಕ್‌ನನ್ನು ಮರೆತಿದ್ದೀರಿ.

ತಾಳೆ ನೋಡಿ

ಜರ್ನಲ್‌ನ ಎರಡೂ ಕಲಂಗಳ ಮೊತ್ತ ₹6,31,565. ನಗದು ಉಳಿಕೆ ₹96,000, ಬ್ಯಾಂಕ್ ಉಳಿಕೆ ₹47,560. ಖಾತೆಗಳಿಗೆ ಏರಿಸಿ ತಾಳೆಪಟ್ಟಿ ತೆಗೆದರೆ ಎರಡೂ ಕಡೆ ₹3,12,500 ಬರಬೇಕು. ಒಂದು ಎಚ್ಚರ: ಏ. 4ರ ಕೂಲಿಯನ್ನು ಕೂಲಿ ಖಾತೆಗೇ ಬರೆದು, ಸವಕಳಿಯನ್ನು 600 ಎಂದು ಹಿಡಿದರೂ ತಾಳೆಪಟ್ಟಿ ಸರಿಹೋಗಿಬಿಡುತ್ತದೆ. ಖಾತೆ ಅದಲುಬದಲಾದ ತಪ್ಪನ್ನು ಅದು ಹಿಡಿಯುವುದಿಲ್ಲ.

ಮೇ ತಿಂಗಳದು, ನೀವೇ ಬರೆಯಿರಿ

ಮೇ 2: ಸಹಾಯಕನ ಏಪ್ರಿಲ್ ಸಂಬಳ ₹9,000 ನಗದು ಕೊಟ್ಟದ್ದು
ಮೇ 5: ಆರ್ಡರ್ ಮಾಡಿದ ₹30,000ದ ಬೀಜ ಮಂಜೇಗೌಡರಿಂದ ಸಾಲಕ್ಕೆ ಬಂದದ್ದು
ಮೇ 9: ಮನೆ ಖರ್ಚಿಗೆಂದು ಅಂಗಡಿಯ ಖಾತೆಯಿಂದ ಎಟಿಎಂನಲ್ಲಿ ₹3,000 ತೆಗೆದದ್ದು

ಮೇ 2ಕ್ಕೆ ಸಂಬಳ ಖಾತೆ ಡೆಬಿಟ್ ಮಾಡಲು ಹೊರಟಿದ್ದರೆ ಪೆನ್ನು ಕೆಳಗಿಟ್ಟು ಏ. 30ರ ನಮೂದನ್ನು ಮತ್ತೊಮ್ಮೆ ನೋಡಿ. ಆ ಖರ್ಚನ್ನು ಆಗಲೇ ಬರೆದಾಗಿದೆ, ಈಗ ತೀರುತ್ತಿರುವುದು ಸಾಲ.