ಕ್ಯಾಂಪಸ್ ನೇಮಕಾತಿ: ದಿನಾಂಕ, ಕೊಠಡಿ, ವಿದ್ಯಾರ್ಥಿ ಸಂಖ್ಯೆ ಗೊತ್ತುಪಡಿಸುವ ಬಗ್ಗೆ

ದಿನಾಂಕ: 13 ಆಗಸ್ಟ್ 2026
ಹಿಂಜವಡಿ, ಪುಣೆ

ಇವರಿಗೆ,
ಪ್ಲೇಸ್‌ಮೆಂಟ್ ಅಧಿಕಾರಿಗಳು,
ಟ್ರೇನಿಂಗ್ ಮತ್ತು ಪ್ಲೇಸ್‌ಮೆಂಟ್ ಸೆಲ್, ಕಾತ್ರಜ್ ಕ್ಯಾಂಪಸ್

ಮೇಡಂ, ನಮಸ್ಕಾರ.

ನಿನ್ನೆ ಫೋನಿನಲ್ಲಿ ಮಾತಾಡಿದ ವಿಷಯಗಳನ್ನೆಲ್ಲ ಬರವಣಿಗೆಯಲ್ಲಿ ಇಡುತ್ತಿದ್ದೇನೆ. ಕನ್ನಡದಲ್ಲೇ ಬರೆಯಿರಿ ಎಂದಿರಿ, ಹಾಗಾಗಿ ಇದು ಕನ್ನಡದಲ್ಲಿದೆ. ಪ್ರಾಂಶುಪಾಲರ ಕಚೇರಿಗೆ ಬೇಕಾದ ಇಂಗ್ಲಿಷ್ ಪ್ರತಿಯನ್ನು ಜೊತೆಗೆ ಲಗತ್ತಿಸಿದ್ದೇನೆ. ಎರಡರಲ್ಲೂ ಅಂಕಿಗಳು ಒಂದೇ.

ಮೊದಲು ದಿನಾಂಕ. ನೀವು ಸೂಚಿಸಿದ ಸೆಪ್ಟೆಂಬರ್ 24 ಮತ್ತು 25 ನಮಗೆ ಒಗ್ಗುವುದಿಲ್ಲ. 25ಕ್ಕೆ ಅನಂತ ಚತುರ್ದಶಿ. ವಿಸರ್ಜನೆಯ ದಿನ ಊರೊಳಗಿನ ಮುಖ್ಯ ರಸ್ತೆಗಳು ಮುಚ್ಚಿರುತ್ತವೆ, ಮೆರವಣಿಗೆ ಮರುದಿನದವರೆಗೂ ಎಳೆಯುತ್ತದೆ. ಹಿಂಜವಡಿಯಿಂದ ಬರುವ ನಮ್ಮ ತಂಡ ಬೈಪಾಸ್ ಹಿಡಿದು ಹೇಗಾದರೂ ತಲುಪೀತು. ಪೇಠೆಗಳಲ್ಲಿ, ಡೆಕ್ಕನ್‌ನಲ್ಲಿ ಮನೆ ಇರುವ ವಿದ್ಯಾರ್ಥಿಗಳು ಸಂಜೆ ಸಂದರ್ಶನ ಮುಗಿಸಿ ಮನೆ ಸೇರುವುದು ಹೇಗೆ? ಹಬ್ಬ 14ಕ್ಕೆ ಶುರು. ಕೊಂಕಣದ ಕಡೆಯ ಹುಡುಗರು ಅದಕ್ಕೂ ಒಂದೆರಡು ದಿನ ಮುಂಚೆಯೇ ಊರಿಗೆ ಹೊರಡುತ್ತಾರೆ. ಆದ್ದರಿಂದ ಎಲ್ಲವನ್ನೂ ಗಣಪತಿಗೆ ಮುಂಚೆಯೇ ಮುಗಿಸುವ ಹಾಗೆ ಈ ವೇಳಾಪಟ್ಟಿ:

ಆಗಸ್ಟ್ 24, ಸೋಮವಾರ: ನಿಮ್ಮಿಂದ ಅಂತಿಮ ವಿದ್ಯಾರ್ಥಿ ಪಟ್ಟಿ
ಆಗಸ್ಟ್ 31, ಸೋಮವಾರ, ಮಧ್ಯಾಹ್ನ 2: ಲ್ಯಾಬ್ ತಪಾಸಣೆ, ಅಣಕು ಪರೀಕ್ಷೆ
ಸೆಪ್ಟೆಂಬರ್ 2, ಬುಧವಾರ: ಕಂಪನಿ ಪರಿಚಯ ಮತ್ತು ಆನ್‌ಲೈನ್ ಪರೀಕ್ಷೆ
ಸೆಪ್ಟೆಂಬರ್ 3, ಗುರುವಾರ, ಸಂಜೆ 6ರೊಳಗೆ: ಸಂದರ್ಶನಕ್ಕೆ ಆಯ್ಕೆಯಾದವರ ಪಟ್ಟಿ
ಸೆಪ್ಟೆಂಬರ್ 8 ಮತ್ತು 9, ಮಂಗಳವಾರ, ಬುಧವಾರ: ಸಂದರ್ಶನ
ಸೆಪ್ಟೆಂಬರ್ 11, ಶುಕ್ರವಾರ: ಫಲಿತಾಂಶ, ಲಿಖಿತವಾಗಿ ನಿಮ್ಮ ಸೆಲ್‌ಗೆ

ಭಾರಿ ಮಳೆಯಿಂದ ಕಾಲೇಜಿಗೆ ರಜೆ ಘೋಷಣೆಯಾದರೆ ಸಂದರ್ಶನವನ್ನು ಸೆಪ್ಟೆಂಬರ್ 29 ಮತ್ತು 30ಕ್ಕೆ ಮುಂದೂಡುತ್ತೇವೆ. ಆ ಎರಡು ದಿನಗಳಿಗೆ ನಮ್ಮ ಪ್ಯಾನೆಲ್‌ನವರನ್ನು ಈಗಲೇ ಕಾದಿರಿಸಿದ್ದೇವೆ. ನೀವೂ ಕೊಠಡಿಗಳನ್ನು ಹಿಡಿದಿಡಿ.

ಇನ್ನು ವಿದ್ಯಾರ್ಥಿ ಸಂಖ್ಯೆ. ನೀವು ಕಳಿಸಿದ ನೋಂದಣಿ ಪಟ್ಟಿಯಲ್ಲಿ 412 ಸಾಲುಗಳಿವೆ: ಕಂಪ್ಯೂಟರ್ 146, ಐಟಿ 88, ಇ ಅಂಡ್ ಟಿಸಿ 104, ಎಐ ಅಂಡ್ ಡಿಎಸ್ 46, ಎಂಸಿಎ 28. ಇವುಗಳಲ್ಲಿ 9 ಹೆಸರು ಎರಡೆರಡು ಬಾರಿ ಬಂದಿವೆ, ಬೇರೆ ಬೇರೆ ಇಮೇಲ್‌ನಿಂದ ಫಾರ್ಮ್ ತುಂಬಿದವರು ಅವರು. 37 ಮಂದಿಗೆ ಈಗ ಬ್ಯಾಕ್‌ಲಾಗ್ ಇದೆ. ಹಿಂದೆ ಇದ್ದು ಈಗ ಪಾಸಾಗಿದ್ದರೆ ನಮ್ಮ ಅಭ್ಯಂತರವಿಲ್ಲ, ಬಾಕಿ ಉಳಿದಿದ್ದರೆ ಮಾತ್ರ ತೆಗೆದುಕೊಳ್ಳಲಾಗುವುದಿಲ್ಲ. ಇವೆರಡನ್ನೂ ಕಳೆದರೆ ಪರೀಕ್ಷೆಗೆ ಕೂರುವವರು 366. ಕೊಠಡಿ, ಲ್ಯಾಬ್, ಊಟ, ಎಲ್ಲದರ ಲೆಕ್ಕಕ್ಕೂ ಈ 366ನ್ನೇ ಹಿಡಿಯೋಣ.

ಪಟ್ಟಿಯಲ್ಲಿ ಒಂದು ವಿಷಯ ದಯವಿಟ್ಟು ಗಮನಿಸಿ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ 21 ಮಂದಿಯ ಹನ್ನೆರಡನೇ ತರಗತಿಯ ಅಂಕಣ ಖಾಲಿ ಇದೆ. ಅದು ಸಹಜವೇ. ಆದರೆ 60 ಪ್ರತಿಶತಕ್ಕಿಂತ ಕಡಿಮೆ ಇದ್ದವರನ್ನು ಬೇರ್ಪಡಿಸುವ ಫಿಲ್ಟರ್, ಖಾಲಿ ಜಾಗವನ್ನು ಸೊನ್ನೆ ಎಂದೇ ಓದಿ ಅವರನ್ನು ಹೊರಗೆ ಹಾಕುತ್ತದೆ. ಇವರಲ್ಲಿ ಡಿಪ್ಲೊಮಾದಲ್ಲಿ 85ರ ಮೇಲೆ ಇರುವ ಮಕ್ಕಳೂ ಇದ್ದಾರೆ. ಶೀಟಿನ ಒಂದು ಖಾಲಿ ಕೋಶಕ್ಕಾಗಿ ಅವರ ಅವಕಾಶ ತಪ್ಪಬಾರದು. ಈ 21 ಹೆಸರುಗಳನ್ನು ನಾನು ಕೈಯಿಂದಲೇ ಸೇರಿಸಿದ್ದೇನೆ. ಅಂತಿಮ ಪಟ್ಟಿಯಲ್ಲಿ ಡಿಪ್ಲೊಮಾಕ್ಕೆ ಪ್ರತ್ಯೇಕ ಅಂಕಣ ಇರಲಿ. ಶೀರ್ಷಿಕೆಗಳು ಹೀಗೇ, ಇದೇ ಕ್ರಮದಲ್ಲಿ ಬೇಕು:

```
PRN,Name_as_on_marksheet,Branch,SSC,HSC,Diploma,CGPA,Active_Backlog,Email,Mobile
```

ಸಿಜಿಪಿಎ ಇದ್ದದ್ದನ್ನು ಇದ್ದ ಹಾಗೇ ಕೊಡಿ, ಪ್ರತಿಶತಕ್ಕೆ ಬದಲಿಸಬೇಡಿ. ಒಬ್ಬೊಬ್ಬರು ಒಂದೊಂದು ಗುಣಕದಿಂದ ಗುಣಿಸಿದರೆ ಒಂದೇ ಅಂಕದ ಇಬ್ಬರಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ ಆಗುತ್ತಾರೆ. ನಮ್ಮ ಮಿತಿ 6.5 ಸಿಜಿಪಿಎ. ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಇಲ್ಲಿನ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ನಮ್ಮ ಕರ್ನಾಟಕದ ಕಡೆಯಿಂದ ಬಂದ ಕೆಲವರಿಗೆ ಅಡ್ಡಹೆಸರೇ ಇರುವುದಿಲ್ಲ, ಇನಿಶಿಯಲ್ ಮಾತ್ರ. ಪರೀಕ್ಷೆಯ ಲಾಗಿನ್‌ಗೆ ಅಂಕಪಟ್ಟಿಯ ಹೆಸರನ್ನೇ ಬಳಸುತ್ತೇವೆ. ಬಾಗಿಲಲ್ಲಿ ಗುರುತು ನೋಡುವಾಗ ಕಾಲೇಜಿನ ಐಡಿ ಕಾರ್ಡ್ ಮತ್ತು ಪಿಆರ್‌ಎನ್ ಸಾಕು.

ಪರೀಕ್ಷೆಯ ದಿನ ಬೆಳಿಗ್ಗೆ 9ರಿಂದ 9.45ರವರೆಗೆ ಸಭಾಂಗಣದಲ್ಲಿ ಕಂಪನಿ ಪರಿಚಯ. 400 ಆಸನಗಳಿವೆ ಎಂದಿರಿ, 366 ಮಂದಿಗೆ ಧಾರಾಳವಾಯಿತು. ಒಂದು ಕಾಲರ್ ಮೈಕ್, ಪ್ರಶ್ನೆ ಕೇಳುವವರಿಗೆ ಎರಡು ಕೈಮೈಕ್, ಎಚ್‌ಡಿಎಂಐ ಕೇಬಲ್ ಇರುವ ಪ್ರೊಜೆಕ್ಟರ್ ಬೇಕು. ಸಂಬಳ, ಕೆಲಸದ ಊರು, ಬಾಂಡ್ ಇಲ್ಲ ಎಂಬುದು, ಇವೆಲ್ಲವನ್ನೂ ಅಲ್ಲೇ ಹೇಳುತ್ತೇವೆ.

ಪರೀಕ್ಷೆ 90 ನಿಮಿಷ, ಎರಡು ಸರದಿ: 10.15ರಿಂದ 11.45, 12.30ರಿಂದ 2. ಸರದಿಗೆ 183 ಮಂದಿ. 40 ಕಂಪ್ಯೂಟರ್‌ಗಳ ಐದು ಲ್ಯಾಬ್ ಸಾಕೇ ಎಂದು ಕೇಳಿದ್ದಿರಿ. ಸಾಲದು. ಪ್ರತಿ ಲ್ಯಾಬಿನಲ್ಲಿ ಕನಿಷ್ಠ 4 ಯಂತ್ರ ಮೀಸಲು ಇಟ್ಟರೆ ಐದರಲ್ಲಿ 180 ಜಾಗ ಮಾತ್ರ ಉಳಿಯುತ್ತದೆ. ಆರನೇ ಲ್ಯಾಬ್ ತೆರೆದರೆ ಮೂರರಲ್ಲಿ 31, ಮೂರರಲ್ಲಿ 30 ಮಂದಿ ಕೂರುತ್ತಾರೆ. ಕೆಟ್ಟ ಯಂತ್ರ ಬದಲಿಸಲೂ ಜಾಗ, ನಡುನಡುವೆ ಅಂತರಕ್ಕೂ ಜಾಗ.

ಲ್ಯಾಬ್ ಪರೀಕ್ಷೆಗಳು ಕೆಡುವುದು ಹೆಚ್ಚಾಗಿ ನೆಟ್‌ವರ್ಕ್‌ನಿಂದ. ಕಂಪ್ಯೂಟರ್ ಕೈಕೊಡುವುದು ಅಪರೂಪ. ಆದ್ದರಿಂದ ಈ ಭಾಗವನ್ನು ನಿಮ್ಮ ಸಿಸ್ಟಮ್ ಅಡ್ಮಿನ್‌ಗೆ ಹಾಗೇ ಕಳಿಸಿ. ವೆಬ್‌ಕ್ಯಾಮ್ ನಿಗಾ ಇರುವುದರಿಂದ ಪ್ರತಿ ಯಂತ್ರಕ್ಕೆ ಸುಮಾರು ಅರ್ಧ ಎಂಬಿಪಿಎಸ್ ಅಪ್‌ಲೋಡ್ ಬೇಕು. 183ಕ್ಕೆ 92 ಆಗುತ್ತದೆ, ಅಂದರೆ 150 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನ್, ಜೊತೆಗೆ ಬೇರೆ ಸೇವಾದಾರರ ಇನ್ನೊಂದು ಲೈನ್ ಬೇಕು. ಎಲ್ಲ ಯಂತ್ರಗಳೂ ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಹೋಗುವುದರಿಂದ ಪರೀಕ್ಷಾ ಸರ್ವರ್ ಅದನ್ನು ದಾಳಿ ಎಂದು ತಿಳಿದು ತಡೆಯುವ ಸಾಧ್ಯತೆ ಇದೆ. ಎರಡೂ ಲೈನ್‌ಗಳ ಐಪಿ ವಿಳಾಸಗಳನ್ನು ಆಗಸ್ಟ್ 27ರೊಳಗೆ ಕೊಟ್ಟರೆ ಮೊದಲೇ ಅನುಮತಿ ಪಟ್ಟಿಗೆ ಸೇರಿಸುತ್ತೇವೆ. ನಿಮ್ಮ ಫೈರ್‌ವಾಲ್ ಪ್ರತಿ 60 ನಿಮಿಷಕ್ಕೆ ಮತ್ತೆ ಲಾಗಿನ್ ಕೇಳುತ್ತದೆ ಎಂದು ಗೊತ್ತಾಯಿತು. 90 ನಿಮಿಷದ ಪರೀಕ್ಷೆಯಲ್ಲಿ ಅದು ನಡುವೆಯೇ ಎಲ್ಲರನ್ನೂ ಒಟ್ಟಿಗೆ ಹೊರಗೆ ದೂಡುತ್ತದೆ. ಆ ದಿನ ಆರು ಲ್ಯಾಬ್‌ಗಳಿಗೆ ಅವಧಿಯನ್ನು 8 ಗಂಟೆಗೆ ಏರಿಸಲಿ. ವಿಂಡೋಸ್ ಅಪ್‌ಡೇಟ್ ನಿಲ್ಲಿಸಿರಲಿ. ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಎಂಬುದನ್ನು 31ರಂದು ಮೇನ್ ಸ್ವಿಚ್ ತೆಗೆದೇ ನೋಡೋಣ. ಜನರೇಟರ್ ಹತ್ತಿಕೊಳ್ಳುವವರೆಗೆ ಅದು ನಿಂತರೆ ಸಾಕು. ಅದೇ ದಿನ ಒಂದು ಲ್ಯಾಬಿನಲ್ಲಿ 30 ಮಂದಿಯನ್ನು ಕೂರಿಸಿ 15 ನಿಮಿಷದ ಅಣಕು ಪರೀಕ್ಷೆ ನಡೆಸುತ್ತೇವೆ.

ಸಂದರ್ಶನಕ್ಕೆ 100 ಮಂದಿಯನ್ನಾದರೂ ಕರೆಯಿರಿ ಎಂದು ಕೇಳಿದ್ದೀರಿ. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಲೆಕ್ಕ ಹೀಗಿದೆ. ತಾಂತ್ರಿಕ ಪ್ಯಾನೆಲ್ ಆರು. ಒಬ್ಬರಿಗೆ 35 ನಿಮಿಷ ಮಾತು, 10 ನಿಮಿಷ ಟಿಪ್ಪಣಿ. 9.30ರಿಂದ 5.30ರವರೆಗೆ ಊಟದ ಮುಕ್ಕಾಲು ಗಂಟೆ ಕಳೆದು ಒಂದು ಪ್ಯಾನೆಲ್ 9 ಮಂದಿಯನ್ನು ನೋಡಬಹುದು, ಆರರಿಂದ ದಿನಕ್ಕೆ 54, ಎರಡು ದಿನಕ್ಕೆ 108. ಮೊದಲ ಸುತ್ತಿನ ಅರ್ಧದಷ್ಟು ಮಂದಿ ಎರಡನೇ ಸುತ್ತಿಗೆ ಬರುತ್ತಾರೆ. 66 ಮಂದಿಯನ್ನು ಕರೆದರೆ 66 ಮತ್ತು 33, ಒಟ್ಟು 99. ಉಳಿದ 9 ಜಾಗ ತಡವಾದವರಿಗೆ, ಇನ್ನೊಮ್ಮೆ ಕೇಳಬೇಕೆನಿಸಿದವರಿಗೆ. 100 ಮಂದಿಯನ್ನು ಕರೆದರೆ ತಲಾ 20 ನಿಮಿಷಕ್ಕೆ ಇಳಿಯಬೇಕು. ಅಷ್ಟರಲ್ಲಿ ಹೆದರಿದ ಹುಡುಗಿ ಅಥವಾ ಹುಡುಗ ಬಾಯಿ ಬಿಡುವ ಹೊತ್ತಿಗೆ ಸಮಯ ಮುಗಿದಿರುತ್ತದೆ. 66ಕ್ಕೇ ನಿಲ್ಲಿಸೋಣ. ತೆಗೆದುಕೊಳ್ಳುವ ಅಂದಾಜು 18ರಿಂದ 22 ಮಂದಿಯನ್ನು. ಇದು ಅಂದಾಜು ಮಾತ್ರ, ಮಾತು ಕೊಟ್ಟ ಸಂಖ್ಯೆ ಎಂದು ವಿದ್ಯಾರ್ಥಿಗಳಿಗೆ ಹೇಳಬೇಡಿ.

ಕೊಠಡಿ ಒಟ್ಟು 10: ತಾಂತ್ರಿಕಕ್ಕೆ 6, ಎಚ್‌ಆರ್‌ಗೆ 2, ಕಾಯುವ ಕೋಣೆ 1, ನಮ್ಮ ಸಮನ್ವಯಕ್ಕೆ 1. ಎಲ್ಲವೂ ಒಂದೇ ಮಹಡಿಯಲ್ಲಿರಲಿ. ಒಂದು ಪ್ಯಾನೆಲ್ ಒಂದು ಕಟ್ಟಡದಲ್ಲಿ, ಇನ್ನೊಂದು ಮತ್ತೊಂದರಲ್ಲಿ ಆದರೆ ಪ್ರತಿ ಬದಲಾವಣೆಗೂ ಹತ್ತು ನಿಮಿಷ ಹೋಗಿ ಸಂಜೆಯ ಹೊತ್ತಿಗೆ ನಾಲ್ಕೈದು ಮಂದಿ ಉಳಿದುಬಿಡುತ್ತಾರೆ. ಪ್ರತಿ ಕೋಣೆಗೆ ಮೇಜು, 4 ಕುರ್ಚಿ, ಬರೆಯುವ ಮಾರ್ಕರ್ ಇರುವ ವೈಟ್‌ಬೋರ್ಡ್, ಕೆಲಸ ಮಾಡುವ ಒಂದು ಪ್ಲಗ್ ಪಾಯಿಂಟ್. ಬಾಗಿಲಿಗೆ ಗಾಜು ಇರುವ ಕೋಣೆಗಳೇ ಬೇಕು, ಒಳಗಿನದು ಹೊರಗೆ ಕಾಣುವಂತಿದ್ದರೆ ಇಬ್ಬರಿಗೂ ಒಳ್ಳೆಯದು. ಮೈದಾನದ ಕಡೆಯ ಸಾಲು ಬೇಡ. ಹಬ್ಬಕ್ಕೆ ಮುಂಚಿನ ವಾರ ಸಂಜೆ ಢೋಲ್-ತಾಶಾ ಅಭ್ಯಾಸ ಶುರುವಾದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು.

66 ಮಂದಿಯನ್ನೂ ಬೆಳಿಗ್ಗೆ 9ಕ್ಕೇ ಕರೆಸಿ ಕೂರಿಸಬೇಡಿ. ಪ್ರತಿಯೊಬ್ಬರಿಗೂ ವೇಳೆ ಕೊಡುತ್ತೇವೆ, ಅದಕ್ಕೆ 30 ನಿಮಿಷ ಮುಂಚೆ ಬಂದರೆ ಸಾಕು. 8ರಂದು ಮೊದಲ ಸುತ್ತಿನ 54, 9ರಂದು ಉಳಿದ 12 ಮತ್ತು ಎರಡನೇ ಸುತ್ತಿನ 33. ದೂರದಿಂದ ಬರುವ ವಿದ್ಯಾರ್ಥಿನಿಯರಿಗೆ 3 ಗಂಟೆಯೊಳಗಿನ ವೇಳೆ ಇಡುತ್ತೇವೆ, ಅವರ ಹೆಸರುಗಳನ್ನು ಸೆಪ್ಟೆಂಬರ್ 4ರ ಮಧ್ಯಾಹ್ನದೊಳಗೆ ತಿಳಿಸಿ. ಸ್ವಯಂಸೇವಕರು 12 ಮಂದಿ ಬೇಕು, ಮೂರನೇ ವರ್ಷದವರನ್ನು ಹಾಕಿ. ಈ ನೇಮಕಾತಿಯಲ್ಲೇ ಕೂತವರು ಪಟ್ಟಿ ಹಿಡಿದು ಓಡಾಡುವುದು ಸರಿಯಲ್ಲ.

ನಮ್ಮ ಕಡೆಯಿಂದ 8 ಮತ್ತು 9ರಂದು 18 ಮಂದಿ ಬರುತ್ತೇವೆ, ನಾಲ್ವರು ಬೆಂಗಳೂರು ಕಚೇರಿಯವರು. ಊಟ ಸಸ್ಯಾಹಾರ, ಖರ್ಚು ನಮ್ಮದು, ಕ್ಯಾಂಟೀನ್ ಬಿಲ್ ನನ್ನ ಹೆಸರಿಗೆ ಬರಲಿ. ಎರಡು ಟೆಂಪೊ ಟ್ರಾವೆಲರ್‌ಗಳಿಗೆ ಗೇಟ್ ಪಾಸ್ ಬೇಕು. ಚಾಂದಣಿ ಚೌಕ, ವಾರ್ಜೆ, ನವಲೆ ಸೇತುವೆ ದಾಟಿ ಬರಬೇಕಾದ್ದರಿಂದ ಹಿಂಜವಡಿಯನ್ನು 6.45ಕ್ಕೇ ಬಿಡುತ್ತೇವೆ. 8.30ಕ್ಕೆ ಕೋಣೆಗಳ ಬೀಗ ತೆಗೆದಿರಲಿ.

ಮೂಲ ಅಂಕಪಟ್ಟಿಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ, ನೋಡಿ ಅಲ್ಲೇ ಹಿಂದಿರುಗಿಸುತ್ತೇವೆ. ನೋಂದಣಿಗೆ, ಪರೀಕ್ಷೆಗೆ, ಆಫರ್‌ಗೆ ಯಾವ ಹಂತದಲ್ಲೂ ವಿದ್ಯಾರ್ಥಿಗಳಿಂದ ಒಂದು ರೂಪಾಯಿಯೂ ಪಡೆಯುವುದಿಲ್ಲ. ಈ ಸಾಲನ್ನು ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ತಕ್ಷಣ ನಿಮ್ಮ ಸೆಲ್‌ಗೂ ನನಗೂ ತಿಳಿಸಲಿ.

ಆಗಸ್ಟ್ 20, ಗುರುವಾರದೊಳಗೆ ನಿಮ್ಮಿಂದ ಮೂರು ಉತ್ತರ ಬೇಕು. ಸೆಪ್ಟೆಂಬರ್ 2, 8, 9ಕ್ಕೆ ಪ್ರಾಂಶುಪಾಲರ ಒಪ್ಪಿಗೆ. ಆರನೇ ಲ್ಯಾಬ್ ಸಿಗುತ್ತದೆಯೇ, ಆ ದಿನ ಬೇರೆ ಕಂಪನಿಗೆ ಕೊಟ್ಟಿಲ್ಲವೇ ಎಂಬ ಖಾತ್ರಿ. ಆಯ್ಕೆಯಾದವರಿಗೆ 2027ರ ಜನವರಿಯಿಂದ ಜೂನ್‌ವರೆಗೆ ಇಂಟರ್ನ್‌ಶಿಪ್ ಮಾಡಲು ಕಾಲೇಜು ಎನ್‌ಒಸಿ ಕೊಡುತ್ತದೆಯೇ ಎಂಬುದು. ಮೂರನೆಯದು ವಿಭಾಗ ಮುಖ್ಯಸ್ಥರ ಹತ್ತಿರ ಹೋಗಬೇಕಾದರೆ ಅದಕ್ಕೆ 24ರವರೆಗೆ ಕಾಯುತ್ತೇನೆ, ಮೊದಲ ಎರಡಕ್ಕೆ ಸಾಧ್ಯವಿಲ್ಲ. ಬೆಂಗಳೂರಿನವರ ಟಿಕೆಟ್ 21ಕ್ಕೆ ಮಾಡಿಸಬೇಕು.

ವಂದನೆಗಳೊಂದಿಗೆ,
ಕ್ಯಾಂಪಸ್ ನೇಮಕಾತಿ ಮುಖ್ಯಸ್ಥರು
ಹಿಂಜವಡಿ ಕಚೇರಿ, ಪುಣೆ

ಲಗತ್ತು: ಇಂಗ್ಲಿಷ್ ಪ್ರತಿ, 366 ಹೆಸರುಗಳ ಕರಡು ಪಟ್ಟಿ, ಎರಡು ಬಾರಿ ಬಂದ 9 ಹೆಸರುಗಳ ಪಟ್ಟಿ