ಕಿರ್ದಿಯಲ್ಲಿ ಇದ್ದದ್ದು, ಖಾತೆಗೆ ಎತ್ತಿದ್ದು

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಅದೇ ರಾತ್ರಿ ನಾನು ಮೇಲಿಂದ ಮೇಲೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ನಮ್ಮದು ಅವತ್ತಿಗೆ ಮುಗಿಯಿತು.

ಏಳು ತಿಂಗಳಿಂದ ನಾನು ಎಲ್ಲರಿಗೂ ಹೇಳಿದ್ದು ಇದನ್ನೇ. ಅಕ್ಕನಿಗೆ ಹೇಳಿದೆ. ಜೊತೆಗೆ ಓದಿದ ಇಬ್ಬರಿಗೆ ಹೇಳಿದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ, ದಾಸೋಹದ ಸಾಲಿನಲ್ಲಿ ನಿಂತು ಕಾಕಾನ ಮಗಳಿಗೂ ಹೇಳಿದೆ. "ಯವ್ವಾ, ಗೇಟ್ ಮುರಿದ ರಾತ್ರೀನ?" ಅಂತ ಅವಳು ಕಣ್ಣು ಅಗಲ ಮಾಡಿದಳು. ನನಗೆ ಒಳಗೊಳಗೇ ಒಂಥರಾ ಸಮಾಧಾನವಾಯಿತು. ನನ್ನ ದುಃಖಕ್ಕೆ ತಕ್ಕ ರಾತ್ರಿ ಅದು ಅನ್ನಿಸಿತು.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಈಗೆಲ್ಲಾ ಕಂಪ್ಯೂಟರ್. ಆದರೂ ನಮ್ಮ ಹಿರಿಯ ಗುಮಾಸ್ತರು ಕೈಬರಹದ ಕಿರ್ದಿ ಪುಸ್ತಕ ಬಿಟ್ಟಿಲ್ಲ. ನಾನು ಅವರನ್ನು ಮಾಮಾ ಅಂತಲೇ ಕರೆಯುವುದು. ಮಾರ್ಚ್ ತಿಂಗಳು, ವರ್ಷದ ಲೆಕ್ಕ ಮುಗಿಸುವ ಹೊತ್ತು. ಒಂದು ದಿನ 18,400 ರೂಪಾಯಿ ಹಮಾಲಿ ಎಷ್ಟು ಹುಡುಕಿದರೂ ತಾಳೆ ಆಗಲಿಲ್ಲ. ಮಧ್ಯಾಹ್ನದ ತನಕ ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ದುಡ್ಡು ಎಲ್ಲೂ ಹೋಗಿರಲಿಲ್ಲ, ನಾನೇ ಬೇರೆ ಪಾರ್ಟಿಯ ಹೆಸರಿಗೆ ಎತ್ತಿ ಬರೆದಿದ್ದೆ.

ಮಾಮಾ ಬೈಯಲಿಲ್ಲ. "ಕಿರ್ದಿ ಅವತ್ತಿನದು ಅವತ್ತ ಬರೀತೀವಿ ನೋಡವ್ವಾ, ಅದರಾಗ ತಪ್ಪು ಕಡಿಮಿ. ಖಾತೆಗೆ ಎತ್ತುವಾಗ ಕೈ ತಪ್ಪತೈತಿ" ಅಂದರು. ಅವರು ಹೇಳಿದ್ದು ಹಮಾಲಿ ಲೆಕ್ಕದ ಮಾತು. ನನಗೆ ಮಾತ್ರ ಅದು ಸಂಜೆಯವರೆಗೂ ತಲೆಯಿಂದ ಹೋಗಲಿಲ್ಲ.

ಅವತ್ತು ರಾತ್ರಿ, ಎಲ್ಲರೂ ಮಲಗಿದ ಮೇಲೆ, ವಾಟ್ಸಾಪಿನಲ್ಲಿ ಮುಚ್ಚಿಟ್ಟಿದ್ದ ಅವನ ಚಾಟ್ ತೆರೆದೆ. ಸೆಪ್ಟೆಂಬರಿನಿಂದ ಅದನ್ನು ಮುಟ್ಟಿರಲಿಲ್ಲ. ಅಳಿಸುವ ಧೈರ್ಯವೂ ಇರಲಿಲ್ಲ, ಓದುವ ಧೈರ್ಯವೂ ಇರಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡೆ. ತಾರೀಖು, ಹೊತ್ತು, ಯಾರು ಏನು ಅಂದರು, ಇಷ್ಟನ್ನೇ ಬರೆಯಬೇಕು, ಯಾಕೆ ಅಂತ ಬರೆಯಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಮೊದಲು ನೋಡಿದ್ದೇ ಆಗಸ್ಟ್ 10.

ನಾನು ರಾತ್ರಿಯಿಡೀ ಫೋನ್ ಮಾಡಿದೆ ಅಂತ ಹೇಳುತ್ತಿದ್ದೆನಲ್ಲ? ಅಲ್ಲಿ ಇರುವುದು ನಾಲ್ಕೇ ಕಾಲ್. 9:40, 9:52, 10:15, 10:21. ಗೇಟ್ ಹೋಗಿದ್ದು ಆಮೇಲೆ. ಅಂದರೆ ಅವನು ಫೋನ್ ಎತ್ತದೇ ಇದ್ದದ್ದಕ್ಕೂ ಗೇಟಿಗೂ ಸಂಬಂಧವೇ ಇಲ್ಲ. ಸಂಜೆ ನಾವು ಜಗಳ ಆಡಿದ್ದೆವು, ಅವನು ಸಿಟ್ಟಿನಲ್ಲಿ ಎತ್ತಲಿಲ್ಲ. ಅಷ್ಟೇ. ಆಮೇಲೆ 1:47ಕ್ಕೆ ಅವನ ಮೆಸೇಜು: "ಡ್ಯಾಮ್ ಗೇಟ್ ಮುರಿದೈತಂತ. ಮೋಟರ್ ಎತ್ತಾಕ ಹೊಳಿಗೆ ಹೊಂಟೀವಿ. ನಾಳೆ ಮಾತಾಡೂಣು."

ಅವರ ಹೊಲ ಕಂಪ್ಲಿ ಸೇತುವೆ ಕಡೆ, ಹೊಳೆ ದಂಡೆಗೇ ಇದೆ. ನೀರು ಜಾಸ್ತಿ ಬಿಡುತ್ತಾರೆ ಅಂದರೆ ಅಲ್ಲಿಯವರು ರಾತ್ರೋರಾತ್ರಿ ಹೋಗಿ ಮೋಟರ್, ಪೈಪು ಮೇಲಕ್ಕೆ ಎಳೆದುಕೊಳ್ಳಬೇಕು. ಅವನ ಅಪ್ಪನಿಗೆ ಮೊಣಕಾಲು ನೋವು, ಇಳಿಯಬೇಕಾದವನು ಇವನೇ. ಈ ಮೆಸೇಜನ್ನು ನಾನು ಅವತ್ತೇ ನೋಡಿದ್ದೇನೆ. ಅವನ ಫೋನಿನಲ್ಲಿ ಎರಡು ನೀಲಿ ಗೆರೆ ಬಿದ್ದಿರಬೇಕು. ಒಂದು "ಹುಷಾರು" ಅಂತಲೂ ಬರೆದಿಲ್ಲ.

ಅದನ್ನು ನಾನು ಪೂರ್ತಿ ಮರೆತಿದ್ದೆ. ನಿಜವಾಗಿ ಮರೆತಿದ್ದೆ, ಬೇಕಂತ ಮುಚ್ಚಿಟ್ಟದ್ದಲ್ಲ. ನನಗೆ ಹೆದರಿಕೆ ಆದದ್ದೇ ಅದಕ್ಕೆ. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಇನ್ನೂ ಕೆಳಗೆ ಹೋದೆ. 10ಕ್ಕೆ ಮುಗಿದ ಸಂಬಂಧದಲ್ಲಿ 11ಕ್ಕೂ ಮಾತಿದೆ, 12ಕ್ಕೂ ಇದೆ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿತಲ್ಲ, ಆ ಸುದ್ದಿಯನ್ನು ಅವನು ಕಳಿಸಿದ್ದಾನೆ. "ನೀರು ಉಳೀತು, ನಾಟಿ ಮಾಡಿದ್ದು ಕೈಗೆ ಬರತೈತಿ" ಅಂತ ಬರೆದಿದ್ದಾನೆ. ನಾನು ಕೈ ಮುಗಿದ ಚಿತ್ರ ಹಾಕಿದ್ದೇನೆ. ಆ ವಾರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ನಮ್ಮ ಮಿಲ್ಲಿನಲ್ಲೂ ಅಷ್ಟೇ, ಎಡದಂಡೆ ಕಾಲುವೆಗೆ ನೀರಿಲ್ಲ ಅಂದರೆ ಭತ್ತ ಎಲ್ಲಿಂದ ಬರಬೇಕು? ಊರಿಗೆ ಊರೇ ಉಸಿರು ಹಿಡಿದು ಕೂತಿದ್ದ ವಾರ ಅದು. ಅದಕ್ಕೇ ಇರಬೇಕು, ನನ್ನ ನೋವನ್ನೂ ಅದರೊಳಗೆ ಸೇರಿಸಿಬಿಟ್ಟೆ.

ಮುಗಿದದ್ದು ಆಗಸ್ಟ್ 29, ಗುರುವಾರ. ಮಳೆ ಇಲ್ಲ, ಹೊಳೆ ಇಲ್ಲ. ಗಂಗಾವತಿ ಬಸ್ ಸ್ಟ್ಯಾಂಡಿನ ಹೊರಗೆ, ಚಹಾದ ಅಂಗಡಿಯ ಬೆಂಚಿನ ಮೇಲೆ.

ಅವನಿಗೆ ಜುಲೈಯಿಂದ ರಾಯಚೂರಿನಲ್ಲಿ ಕೆಲಸ. ರಜೆಗೆ ಬಂದವನು ವಾಪಸ್ ಹೊರಟಿದ್ದ. ನಾನು ಮಿಲ್ಲಿನಲ್ಲಿ ಒಂದು ತಾಸು ಪರವಾನಗಿ ಕೇಳಿಕೊಂಡು ಬಂದಿದ್ದೆ. ಬಸ್ಸು ತಡ ಇತ್ತು. ಚಹಾದ ಮೇಲೆ ಕೆನೆ ಕಟ್ಟಿತ್ತು, ನಾನು ಅದನ್ನು ಬೆರಳ ತುದಿಯಿಂದ ಗ್ಲಾಸಿನ ಅಂಚಿಗೆ ಸರಿಸುತ್ತಾ ಕೂತಿದ್ದೆ.

"ನಿಮ್ಮಪ್ಪನ ಹತ್ರ ಮಾತಾಡಾಕ ಯಾವಾಗ ಬರ್ಲಿ?" ಅಂದ.

"ದೀಪಾವಳಿ ಆಗ್ಲಿ."

"ಯಾವ ವರ್ಷದ್ದು?"

ಅವನು ನಗುತ್ತಾ ಕೇಳಲಿಲ್ಲ. ನನಗೆ ಸಿಟ್ಟು ಬಂತು. "ಹಂಗಾದ್ರ ಸಾಕು ಬಿಡು" ಅಂದೆ.

"ಸಾಕಾ?"

"ಹೂಂ."

ಅಷ್ಟೇ. ಇದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ನಾಲ್ಕು ವರ್ಷದ ಮಾತು ಎರಡು ನಿಮಿಷದಲ್ಲಿ ಹೋಯಿತು ಅಂತ ಯಾರಿಗೆ ಹೇಗೆ ಹೇಳುವುದು? ಅದೂ "ಸಾಕು" ಅನ್ನುವ ಮಾತು ನನ್ನ ಬಾಯಿಂದ ಬಂದಿರುವಾಗ?

ಅವನ ತಪ್ಪೂ ಇದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಜೂನ್ ತಿಂಗಳಲ್ಲಿ ಅವನ ಸೋದರಮಾವ ಅವನನ್ನು ಸಿಂಧನೂರಿಗೆ ಹೆಣ್ಣು ನೋಡಲು ಕರೆದುಕೊಂಡು ಹೋದರು. ಅವನು ಹೋದ, ಅವಲಕ್ಕಿ ತಿಂದ, ಚಹಾ ಕುಡಿದ, ಬಂದ. ಮೂರು ವಾರ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆ ಮೂರು ವಾರವೂ ದಿನಾ "ಊಟ ಆತಾ" ಅಂತ ಕೇಳಿದ್ದಾನೆ. ಅದನ್ನು ಓದುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎಷ್ಟು ಸಲ ಲೆಕ್ಕ ಹಾಕಿದರೂ ಅದು ಅವನ ಹೆಸರಿಗೇ ಬರುತ್ತದೆ.

ಆದರೆ ನಾನು ಎಲ್ಲರಿಗೂ ಹೇಳಿದ್ದು "ಬೇರೆಯವರಿಂದ ಗೊತ್ತಾಯಿತು" ಅಂತ. ಅದು ಅರ್ಧ ನಿಜ. ಸುಳಿವು ಸಿಕ್ಕಿದ್ದು ಬೇರೆಯವರಿಂದ. ನಾನು ಕೇಳಿದ ಕೂಡಲೇ ಅವನು ಎಲ್ಲಾ ಹೇಳಿದ. ಮಾವನ ಮಾತು ತೆಗೆದುಹಾಕಲು ಆಗಲಿಲ್ಲ, ಹುಡುಗಿ ಬೇಡ ಅಂತ ಮನೆಯಲ್ಲಿ ಹೇಳಿದ್ದೇನೆ, ನಿನಗೆ ಹೇಳಲು ಹೆದರಿಕೆ ಆಯಿತು ಅಂದ. ಇದನ್ನು ನಾನು ಯಾರಿಗೂ ಹೇಳಲೇ ಇಲ್ಲ. ಇದನ್ನು ಹೇಳಿದ್ದರೆ ಕೇಳುವವರು ನನ್ನ ಕಡೆ ಅಷ್ಟು ಪೂರ್ತಿಯಾಗಿ ನಿಲ್ಲುತ್ತಿರಲಿಲ್ಲ, ಅಲ್ವಾ?

ಅಪ್ಪನನ್ನು ಭೇಟಿ ಮಾಡುತ್ತೇನೆ ಅಂತ ಅವನು ಕೇಳಿದ್ದು ಆ ಗುರುವಾರ ಮೊದಲ ಸಲವೇನಲ್ಲ. 2023ರ ದೀಪಾವಳಿ ಆದ ಮೇಲೆ ಕೇಳಿದ. ನಾನು "ಅಪ್ಪನ ಕಣ್ಣಿನ ಆಪರೇಷನ್ ಆಗ್ಲಿ" ಅಂದೆ. ಆಪರೇಷನ್ ಜನವರಿಯಲ್ಲೇ ಆಯಿತು. ಯುಗಾದಿಗೆ ಕೇಳಿದ. "ತಂಗಿ ಪರೀಕ್ಷೆ ಮುಗೀಲಿ" ಅಂದೆ. ಜೂನ್ ಮೊದಲ ವಾರ ಕೇಳಿದ. ಅದಕ್ಕೆ ನಾನು ಉತ್ತರವನ್ನೇ ಕೊಟ್ಟಿಲ್ಲ, ಮಾತು ತೇಲಿಸಿದ್ದೇನೆ. ಅವನು ಸಿಂಧನೂರಿಗೆ ಹೋದದ್ದು ಅದರ ಮುಂದಿನ ವಾರ. ಎರಡನ್ನೂ ಒಂದರ ಕೆಳಗೆ ಒಂದು ಬರೆದ ಮೇಲೆ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಕೂತೆ.

ಅಪ್ಪನ ಹೆದರಿಕೆ ಅಂತ ಹೇಳುತ್ತಿದ್ದೆ. ಅಪ್ಪನ ಹೆದರಿಕೆ ಇದ್ದದ್ದು ಹೌದು. ಆದರೆ ಅಷ್ಟೇ ಆಗಿದ್ದರೆ ಅಕ್ಕನ ಮೂಲಕ ಒಂದು ಮಾತು ಹಾಕಿಸಬಹುದಿತ್ತು. ಅಕ್ಕನೇ ಎರಡು ಸಲ "ನಾನು ಹೇಳ್ಲಾ?" ಅಂತ ಕೇಳಿದ್ದಳು. ನಾನೇ ಬೇಡ ಅಂದೆ.

ನನಗೆ ಅವನು ಬೇಕಾಗಿದ್ದ, ಅವನ ಊರು ಬೇಕಿರಲಿಲ್ಲ. ಒಂದು ಸಲ ಅವರ ಮನೆಗೆ ಹೋಗಿದ್ದೆ, ಜೊತೆಗೆ ಓದಿದವರೆಲ್ಲಾ ಸೇರಿ. ಅವನ ಅವ್ವ ಬಹಳ ಪ್ರೀತಿಯಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದರು. ಊಟ ಆದ ಮೇಲೆ ಎಮ್ಮೆ ಕಟ್ಟಿದ ಕಡೆ ನಿಂತು, "ಇಷ್ಟೂ ಒಬ್ಬಾಕಿನ ಮಾಡತೀನವ್ವಾ, ಸೊಸಿ ಬಂದ್ರ ಕೈ ಕೂಡತೈತಿ" ಅಂದರು. ನಾನು ನಕ್ಕೆ. ಮನಸ್ಸಿನಲ್ಲಿ ನನ್ನ ಮಿಲ್ಲಿನ ಟೇಬಲ್ಲು, ತಿಂಗಳ ಸಂಬಳ, ಫ್ಯಾನಿನ ಕೆಳಗಿನ ನನ್ನ ಕುರ್ಚಿ ಬಂದವು. ಇದನ್ನು ನಾನು ಅವನಿಗೆ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಏನು ಅನ್ನುತ್ತಿದ್ದನೋ. ರಾಯಚೂರಿನಲ್ಲಿ ಕೆಲಸ ಹುಡುಕಿಕೊಂಡದ್ದು ಅದಕ್ಕೇ ಇದ್ದರೂ ಇರಬಹುದು, ಅವನು ಹಾಗೆ ಹೇಳಿಲ್ಲ, ನಾನು ಕೇಳಿಲ್ಲ. ಯಾಕೆ ಅಂತ ಬರೆಯಬಾರದು ಅಂತ ಇಟ್ಟುಕೊಂಡ ನೇಮ ಇಲ್ಲಿ ಮುರಿಯಿತು. ಇದು ಯಾವ ಮೆಸೇಜಿನಲ್ಲೂ ಇಲ್ಲ, ನಾನೇ ಬರೆಯಬೇಕಿತ್ತು.

ಇನ್ನೊಂದು ಉಳಿದಿದೆ. "ಹೋಗುವಾಗ ತಿರುಗಿ ಸುದ್ದಾ ನೋಡ್ಲಿಲ್ಲ" ಅಂತ ಎಷ್ಟೋ ಸಲ ಹೇಳಿ ಅತ್ತಿದ್ದೇನೆ. ಆದರೆ ಅವನು ಎದ್ದಾಗ ನಾನು ತಲೆಯನ್ನೇ ಎತ್ತಿರಲಿಲ್ಲ. ಗ್ಲಾಸು ನೋಡುತ್ತಿದ್ದೆ. ಬಸ್ಸಿನ ಬಾಗಿಲು ಹಾಕಿದ ಸದ್ದು ಕೇಳಿದ್ದು ನೆನಪಿದೆ, ಅವನ ಮುಖ ನೆನಪಿಲ್ಲ. ಚೀಟಿ ಇಲ್ಲದ ಮೊತ್ತವನ್ನು ಮಾಮಾ ಅನಾಮತ್ತು ಖಾತೆಗೆ ಹಾಕಿ ಸುಮ್ಮನಿರುತ್ತಾರೆ, ಊಹೆಯ ಮೇಲೆ ಯಾರ ಹೆಸರಿಗೂ ಬರೆಯುವುದಿಲ್ಲ. ನಾನೂ ಇದನ್ನು ಅಲ್ಲೇ ಬರೆದಿದ್ದೇನೆ.

ಅವನಿಗೆ ಮೆಸೇಜು ಮಾಡಬೇಕು ಅಂತ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಾಡಲಿಲ್ಲ. ನಾನು ಲೆಕ್ಕ ತಿದ್ದಿಕೊಂಡೆ ಅಂತ ಅವನ ನೆಮ್ಮದಿ ಕೆಡಿಸುವುದು ನ್ಯಾಯವಲ್ಲ.

ಯುಗಾದಿಗೆ ಅಕ್ಕ ಬಂದಿದ್ದಳು. ಹಬ್ಬದ ಮಾರನೇ ದಿನ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹಿಟ್ಟು ನಾದಿ ಕೊಡುತ್ತಿದ್ದೆ.

"ಅಕ್ಕಾ, ಅದು ಗೇಟ್ ಮುರಿದ ರಾತ್ರಿ ಆಗಿದ್ದಲ್ಲ" ಅಂದೆ.

"ಯಾವುದು?"

"ನಮ್ಮದು. ಅದು ಆಮ್ಯಾಲ. ಒಂದು ಗುರುವಾರ, ಬಸ್ ಸ್ಟ್ಯಾಂಡಿನ್ಯಾಗ. ಸಾಕು ಅಂದಾಕಿ ನಾನ."

ಅಕ್ಕನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಒಂದು ಕಡೆ ಕಪ್ಪಾಗತೊಡಗಿತು. ಅವಳು ಅದನ್ನು ತಿರುವಿ ಹಾಕಿ, ಸೆರಗಿನಿಂದ ಹಣೆ ಒರೆಸಿಕೊಂಡು, "ಪೂರ್ತಿ ಹೇಳು" ಅಂದಳು.